ಹೆಚ್ಚು ನಿರ್ದಿಷ್ಟವಾದ ದಾರಿಯೇ ಗೆಲ್ಲುವುದೇಕೆ: ಯೂಟ್ಯೂಬ್ ಕಾಣೆಯಾದ ಎರಡು ಗಂಟೆಗಳ ಲೆಕ್ಕ

2008ರ ಫೆಬ್ರವರಿ 24, ಭಾನುವಾರ. ಯುಟಿಸಿ ಸಮಯ 18:47ರಿಂದ 21:01ರವರೆಗೆ, ಅಂದರೆ ಎರಡು ಗಂಟೆಗೂ ತುಸು ಹೆಚ್ಚು ಹೊತ್ತು, ಜಗತ್ತಿನ ಬಹಳಷ್ಟು ಕಡೆ ಯೂಟ್ಯೂಬ್ ತೆರೆಯಲಿಲ್ಲ. ಸರ್ವರ್‌ಗಳು ಕೆಟ್ಟಿರಲಿಲ್ಲ, ಸಮುದ್ರದಡಿಯ ಕೇಬಲ್ ಕಡಿದಿರಲಿಲ್ಲ. ಯೂಟ್ಯೂಬ್‌ಗೆ ಹೋಗುವ ದಾರಿ ಆ ಹೊತ್ತಿನಲ್ಲೂ ಜಗತ್ತಿನ ರೂಟರ್‌ಗಳಲ್ಲಿ ಮೊದಲಿದ್ದಂತೆಯೇ ಇತ್ತು. ಅದನ್ನು ಯಾರೂ ಅಳಿಸಿರಲಿಲ್ಲ, ತಿದ್ದಿರಲಿಲ್ಲ. ಟೇಬಲ್‌ನಲ್ಲಿ ಅದರ ಜೊತೆಗೆ ಇನ್ನೊಂದು ಸಾಲು ಬಂದು ಸೇರಿತ್ತು. ಆ ಹೊಸ ಸಾಲು ಹಳೆಯದಕ್ಕಿಂತ ಎರಡು ಬಿಟ್ ಉದ್ದವಾಗಿತ್ತು. ಪ್ಯಾಕೆಟ್‌ಗಳೆಲ್ಲ ದಾರಿ ಬದಲಿಸಿ ಪಾಕಿಸ್ತಾನದ ಕಡೆ ಹರಿಯಲು ಅಷ್ಟೇ ಸಾಕಾಯಿತು.

ಈ ಎರಡು ಬಿಟ್‌ಗಳಿಗೆ ಅಷ್ಟು ಬಲ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ರೂಟರ್ ಮಾಡುವ ಅತಿ ಮೂಲಭೂತ ಕೆಲಸವನ್ನು ನೋಡಬೇಕು. ರೂಟರ್‌ಗೆ ಒಂದು ಪ್ಯಾಕೆಟ್ ಬರುತ್ತದೆ, ಅದರ ಮೇಲೆ ಅದು ತಲುಪಬೇಕಾದ ಐಪಿ ವಿಳಾಸ ಇರುತ್ತದೆ. ಐಪಿವಿ4ರಲ್ಲಿ ಅದು 32 ಬಿಟ್‌ನ ಒಂದು ಸಂಖ್ಯೆ. ಸುಮಾರು 430 ಕೋಟಿ ವಿಳಾಸಗಳಿಗೂ ಒಂದೊಂದು ಸಾಲು ಬರೆದಿಡುವುದು ಆಗದ ಮಾತು. ಹಾಗಾಗಿ ಫಾರ್ವರ್ಡಿಂಗ್ ಟೇಬಲ್‌ನಲ್ಲಿ ಬಿಡಿ ವಿಳಾಸಗಳ ಬದಲು ಪ್ರಿಫಿಕ್ಸ್‌ಗಳು ಇರುತ್ತವೆ. "ಮೊದಲ ಇಷ್ಟು ಬಿಟ್‌ಗಳು ಹೀಗಿದ್ದರೆ ಪ್ಯಾಕೆಟ್ಟನ್ನು ಈ ಕಡೆ ಕಳಿಸು" ಎನ್ನುವುದು ಒಂದು ಸಾಲಿನ ಅರ್ಥ. ಓರೆಗೆರೆಯ ನಂತರದ ಸಂಖ್ಯೆ ಎಷ್ಟು ಬಿಟ್ ಹೊಂದಬೇಕೆಂದು ಹೇಳುತ್ತದೆ. ಆ ಸಂಖ್ಯೆ ದೊಡ್ಡದಾದಷ್ಟೂ ಪ್ರಿಫಿಕ್ಸ್ ಉದ್ದ, ಅದರೊಳಗೆ ಬರುವ ವಿಳಾಸಗಳು ಕಡಿಮೆ.

ಆ ದಿನ ಯೂಟ್ಯೂಬ್ ಜಗತ್ತಿಗೆ ಸಾರುತ್ತಿದ್ದದ್ದು 208.65.152.0/22. ಅದರಲ್ಲಿ 1,024 ವಿಳಾಸಗಳಿವೆ, 208.65.152.0ಯಿಂದ 208.65.155.255ರವರೆಗೆ. ಪಾಕಿಸ್ತಾನ್ ಟೆಲಿಕಾಂನಿಂದ ಹೊರಬಿದ್ದದ್ದು 208.65.153.0/24. ಅದು ಆ ದೊಡ್ಡ ತುಂಡಿನ ಒಳಗೇ ಇರುವ 256 ವಿಳಾಸಗಳ ಸಣ್ಣ ತುಂಡು. youtube.com ಎಂಬ ಹೆಸರಿಗೆ ಡಿಎನ್‌ಎಸ್ ಕೊಡುತ್ತಿದ್ದ ವಿಳಾಸಗಳು ಆ ಸಣ್ಣ ತುಂಡಿನಲ್ಲೇ ಇದ್ದವು. ಅವುಗಳಲ್ಲಿ ಒಂದು 208.65.153.238. ಇದನ್ನು ಎರಡು ಪ್ರಿಫಿಕ್ಸ್‌ಗಳ ಜೊತೆ ಬಿಟ್ ರೂಪದಲ್ಲಿ ಬರೆದರೆ ಹೀಗೆ ಕಾಣುತ್ತದೆ:

```
208.65.152.0/22   11010000 01000001 100110
208.65.153.0/24   11010000 01000001 10011001
208.65.153.238    11010000 01000001 10011001 11101110
```

ಮೇಲಿನ ಎರಡೂ ಸಾಲು ಕೆಳಗಿನ ವಿಳಾಸಕ್ಕೆ ಹೊಂದುತ್ತವೆ. ಮೊದಲನೆಯದು 22 ಬಿಟ್‌ವರೆಗೆ, ಎರಡನೆಯದು 24 ಬಿಟ್‌ವರೆಗೆ. ಹೀಗೆ ಒಂದಕ್ಕಿಂತ ಹೆಚ್ಚು ಸಾಲು ಹೊಂದಿದಾಗ ಅತಿ ಉದ್ದ ಹೊಂದಿದ್ದನ್ನೇ ತೆಗೆದುಕೊಳ್ಳಬೇಕು. ಇದೇ ಲಾಂಗೆಸ್ಟ್ ಪ್ರಿಫಿಕ್ಸ್ ಮ್ಯಾಚ್. ಆ ಸಾಲು ಯಾರಿಂದ ಬಂತು, ಎಷ್ಟು ಹಳೆಯದು, ಆ ವಿಳಾಸಗಳು ನಿಜಕ್ಕೂ ಯಾರ ಹೆಸರಿನಲ್ಲಿವೆ ಎಂಬುದನ್ನು ರೂಟರ್ ಈ ಹಂತದಲ್ಲಿ ನೋಡುವುದೇ ಇಲ್ಲ.

ಈ ನಿಯಮದಲ್ಲಿ ಸುಲಭಕ್ಕೆ ಗಮನಕ್ಕೆ ಬಾರದ ಒಂದು ಅಚ್ಚುಕಟ್ಟುತನವಿದೆ. ಯಾವುದೇ ಎರಡು ಪ್ರಿಫಿಕ್ಸ್‌ಗಳನ್ನು ತೆಗೆದುಕೊಳ್ಳಿ. ಒಂದು ಪೂರ್ತಿಯಾಗಿ ಇನ್ನೊಂದರ ಒಳಗಿರುತ್ತದೆ, ಇಲ್ಲವಾದರೆ ಎರಡಕ್ಕೂ ಸಂಬಂಧವೇ ಇರುವುದಿಲ್ಲ. ಅರ್ಧ ಒಳಗೆ, ಅರ್ಧ ಹೊರಗೆ ಎನ್ನುವ ಸ್ಥಿತಿ ಸಾಧ್ಯವಿಲ್ಲ, ಏಕೆಂದರೆ ಎರಡೂ ಬಿಟ್‌ಗಳನ್ನು ಎಡದಿಂದಲೇ ಓದುತ್ತವೆ. ಆದ್ದರಿಂದ ಒಂದು ವಿಳಾಸಕ್ಕೆ ಎಷ್ಟೇ ಸಾಲುಗಳು ಹೊಂದಿದರೂ ಅವು ಒಂದರೊಳಗೊಂದು ಕೂತಿರುತ್ತವೆ, ಎಲ್ಲಕ್ಕಿಂತ ಒಳಗಿನದು ಒಂದೇ ಒಂದಿರುತ್ತದೆ. ಜಗಳಕ್ಕೆ ಅವಕಾಶವೇ ಇಲ್ಲ. ಪ್ರಿಫಿಕ್ಸ್‌ಗಳ ಬದಲು "ಇಲ್ಲಿಂದ ಅಲ್ಲಿಯವರೆಗೆ" ಎಂಬ ಯಾವುದೋ ವ್ಯಾಪ್ತಿಗಳನ್ನು ಟೇಬಲ್‌ನಲ್ಲಿ ಬರೆದಿದ್ದರೆ ಎರಡು ಸಾಲುಗಳು ಅಡ್ಡಡ್ಡ ಹಾಯ್ದು, ಯಾವುದು ಹೆಚ್ಚು ನಿರ್ದಿಷ್ಟ ಎಂದು ಹೇಳಲಾಗದ ಸಂದರ್ಭಗಳು ಬರುತ್ತಿದ್ದವು.

ಸರಿ, ಒಳಗಿನದೇ ಏಕೆ ಗೆಲ್ಲಬೇಕು? ಹೊರಗಿನದು ಗೆದ್ದರೆ ಏನಾಗುತ್ತದೆ ಎಂದು ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ. ಬಹುಪಾಲು ರೂಟರ್‌ಗಳಲ್ಲಿ 0.0.0.0/0 ಎಂಬ ಡೀಫಾಲ್ಟ್ ಸಾಲು ಇರುತ್ತದೆ. ಅದರ ಉದ್ದ ಸೊನ್ನೆ, ಹಾಗಾಗಿ ಅದು ಪ್ರತಿ ವಿಳಾಸಕ್ಕೂ ಹೊಂದುತ್ತದೆ. ಚಿಕ್ಕ ಪ್ರಿಫಿಕ್ಸ್ ಗೆಲ್ಲುವ ನಿಯಮವಿದ್ದರೆ ಟೇಬಲ್‌ನ ಉಳಿದ ಸಾಲುಗಳಿಗೆ ಒಮ್ಮೆಯೂ ಕೆಲಸ ಬರುತ್ತಿರಲಿಲ್ಲ. ಉದ್ದದ್ದು ಗೆಲ್ಲುವುದರಿಂದಲೇ "ಸಾಮಾನ್ಯವಾಗಿ ಹೀಗೆ, ಆದರೆ ಈ ಭಾಗಕ್ಕೆ ಮಾತ್ರ ಹಾಗೆ" ಎಂದು ರೂಟರ್‌ಗೆ ಹೇಳಲು ಸಾಧ್ಯವಾಗಿದೆ. ವಿಪಿಎನ್ ಸಾಫ್ಟ್‌ವೇರ್‌ಗಳು ಇದನ್ನು ಜಾಣತನದಿಂದ ಬಳಸುತ್ತವೆ. ಓಪನ್‌ವಿಪಿಎನ್‌ನ `redirect-gateway def1` ಆಯ್ಕೆ ನಿಮ್ಮ ಕಂಪ್ಯೂಟರಿನ ಡೀಫಾಲ್ಟ್ ಸಾಲನ್ನು ಮುಟ್ಟುವುದೇ ಇಲ್ಲ. 0.0.0.0/1 ಮತ್ತು 128.0.0.0/1 ಎಂಬ ಎರಡು ಸಾಲು ಸೇರಿಸುತ್ತದೆ. ಇವೆರಡೂ ಸೇರಿದರೆ ಇಡೀ ವಿಳಾಸಲೋಕ ಮುಗಿಯಿತು, ಎರಡೂ ಡೀಫಾಲ್ಟಿಗಿಂತ ಒಂದು ಬಿಟ್ ಉದ್ದ. ವಿಪಿಎನ್ ನಿಂತಾಗ ಎರಡು ಸಾಲು ತೆಗೆದರೆ ಹಳೆಯ ದಾರಿ ಹಾಗೆಯೇ ಸಿಗುತ್ತದೆ.

ಇಂಟರ್ನೆಟ್ಟಿನ ಮಟ್ಟದಲ್ಲಿ ಈ ನಿಯಮ ಅನಿವಾರ್ಯವಾದದ್ದು 1993ರಲ್ಲಿ. ಅದಕ್ಕೂ ಮೊದಲು ವಿಳಾಸಗಳನ್ನು ಎ, ಬಿ, ಸಿ ಎಂಬ ವರ್ಗಗಳಲ್ಲಿ ಹಂಚುತ್ತಿದ್ದರು, ಪ್ರಿಫಿಕ್ಸ್‌ನ ಉದ್ದ ವಿಳಾಸದ ಮೊದಲ ಕೆಲವು ಬಿಟ್‌ಗಳಿಂದಲೇ ಗೊತ್ತಾಗುತ್ತಿತ್ತು. ಬಿ ವರ್ಗದ ವಿಳಾಸಗಳು ಮುಗಿಯುತ್ತ ಬಂದವು, ಸಿ ವರ್ಗದ ಸಣ್ಣ ತುಂಡುಗಳನ್ನೇ ಹಂಚುತ್ತ ಹೋದರೆ ರೂಟರ್‌ಗಳ ಮೆಮೊರಿ ತುಂಬಿಹೋಗುವ ಭಯವಿತ್ತು. ಆಗ ಸಿಐಡಿಆರ್ ಎಂಬ ವ್ಯವಸ್ಥೆ ಬಂತು. ವರ್ಗಗಳು ಹೋಗಿ ಪ್ರಿಫಿಕ್ಸ್ ಯಾವ ಉದ್ದದ್ದಾದರೂ ಇರಬಹುದಾಯಿತು. ಒಂದು ಕಂಪನಿ ತನ್ನ ನೂರಾರು ಗ್ರಾಹಕರ ವಿಳಾಸಗಳನ್ನು ಒಟ್ಟುಗೂಡಿಸಿ ಒಂದೇ ಸಾಲಿನಲ್ಲಿ ಸಾರಬಹುದಾಯಿತು. ಆದರೆ ಒಟ್ಟುಗೂಡಿಸಿದ ಕೂಡಲೇ ಅಪವಾದಗಳ ಪ್ರಶ್ನೆ ಬರುತ್ತದೆ, ಅಪವಾದವನ್ನು ಗೆಲ್ಲಿಸುವ ನಿಯಮ ಬೇಕಾಗುತ್ತದೆ.

ಉದಾಹರಣೆಗೆ ಒಂದು ಇಂಟರ್ನೆಟ್ ಸೇವಾ ಕಂಪನಿ 203.0.112.0/20 ಸಾರುತ್ತಿದೆ ಎಂದಿಟ್ಟುಕೊಳ್ಳಿ. ಅದರ ಒಬ್ಬ ಗ್ರಾಹಕ ಒಂದು ಬ್ಯಾಂಕ್, ಅದಕ್ಕೆ ಸಿಕ್ಕಿರುವುದು 203.0.113.0/24. ಒಂದೇ ಕಂಪನಿಯನ್ನು ನಂಬಿಕೊಂಡಿರಬಾರದೆಂದು ಬ್ಯಾಂಕ್ ಎರಡನೆಯ ಕಂಪನಿಯಿಂದಲೂ ಲೈನ್ ಹಾಕಿಸುತ್ತದೆ. ಎರಡನೆಯ ಕಂಪನಿಗೆ /20 ಸಾರುವ ಹಕ್ಕಿಲ್ಲ, ಅದು ಬ್ಯಾಂಕಿನ /24 ಅನ್ನು ಮಾತ್ರ ಸಾರುತ್ತದೆ. ಮೊದಲ ಕಂಪನಿ ತನ್ನ /20 ಒಂದನ್ನೇ ಸಾರುತ್ತಿದ್ದರೆ ಏನಾಗುತ್ತದೆ? ಹೊರಗಿನಿಂದ ಬ್ಯಾಂಕಿಗೆ ಬರುವ ಹೆಚ್ಚುಕಡಿಮೆ ಎಲ್ಲ ಟ್ರಾಫಿಕ್ಕೂ ಎರಡನೆಯ ಲೈನ್‌ಗೇ ನುಗ್ಗುತ್ತದೆ. ಮೊದಲ ಲೈನ್ ಹತ್ತು ಪಟ್ಟು ದೊಡ್ಡದಿದ್ದರೂ, ಹತ್ತಿರದ್ದಿದ್ದರೂ ಖಾಲಿ ಕೂತಿರುತ್ತದೆ. ನೆಟ್‌ವರ್ಕ್ ಕೆಲಸಕ್ಕೆ ಹೊಸದಾಗಿ ಬಂದವರು ಇದನ್ನು ಕಂಡು ಲೈನ್‌ನಲ್ಲಿ ದೋಷವಿದೆಯೆಂದು ಹುಡುಕುತ್ತಾರೆ. ಲೈನ್ ಸರಿಯಾಗಿಯೇ ಇರುತ್ತದೆ. ಮೊದಲ ಕಂಪನಿಯೂ ಅದೇ /24 ಅನ್ನು ಪ್ರತ್ಯೇಕವಾಗಿ ಸಾರಬೇಕು, ಆಗ ಮಾತ್ರ ಎರಡು ದಾರಿಗಳ ನಡುವೆ ಸಮನಾದ ಹೋಲಿಕೆ ನಡೆಯುತ್ತದೆ.

"ಸಮನಾದ ಹೋಲಿಕೆ" ಎಂದದ್ದು ಸುಮ್ಮನೆ ಅಲ್ಲ, ಈ ವಿಷಯದಲ್ಲಿ ಅತಿ ಹೆಚ್ಚು ಗೊಂದಲವಾಗುವುದು ಇಲ್ಲಿಯೇ. ಜಾಲಗಳ ನಡುವೆ ದಾರಿಗಳನ್ನು ಹಂಚಿಕೊಳ್ಳುವ ಪ್ರೋಟೋಕಾಲ್ ಬಿಜಿಪಿ. ಇದು ಒಂದೇ ಪ್ರಿಫಿಕ್ಸ್‌ಗೆ ಹಲವು ದಾರಿಗಳು ಬಂದಾಗ ಮಾತ್ರ ಅವನ್ನು ತೂಗುತ್ತದೆ: ಜಾಲದವರು ತಾವೇ ಇಟ್ಟ ಆದ್ಯತೆಯಾದ ಲೋಕಲ್ ಪ್ರಿಫರೆನ್ಸ್, ಎಎಸ್ ಪಾತ್‌ನ ಉದ್ದ, ಹೀಗೆ ಒಂದಾದ ಮೇಲೊಂದು. ಎಎಸ್ ಎಂದರೆ ತನ್ನದೇ ಸಂಖ್ಯೆಯಿರುವ ಒಂದು ಸ್ವತಂತ್ರ ಜಾಲ, ಎಎಸ್ ಪಾತ್ ಎಂದರೆ ದಾರಿಯಲ್ಲಿ ಸಿಗುವ ಅಂಥ ಜಾಲಗಳ ಸಂಖ್ಯೆಗಳ ಪಟ್ಟಿ. /22 ಮತ್ತು /24 ಎರಡು ಬೇರೆ ಬೇರೆ ಪ್ರಿಫಿಕ್ಸ್‌ಗಳು. ಬಿಜಿಪಿಯ ಕಣ್ಣಿನಲ್ಲಿ ಅವುಗಳ ನಡುವೆ ಸ್ಪರ್ಧೆಯೇ ಇಲ್ಲ, ಎರಡೂ ಟೇಬಲ್‌ಗೆ ಹೋಗುತ್ತವೆ. ಸ್ಪರ್ಧೆ ನಡೆಯುವುದು ಆಮೇಲೆ, ಪ್ಯಾಕೆಟ್ ಬಂದ ಕ್ಷಣದಲ್ಲಿ. ಅಲ್ಲಿ ಉದ್ದ ಒಂದೇ ಮಾನದಂಡ. ಒಂದು ಸಂಸ್ಥೆಯ ಒಳಗಿನ ಜಾಲದಲ್ಲೂ ಇದೇ ಕತೆ. ನೀವು ಕೈಯಾರೆ 10.0.0.0/8 ಎಂಬ ಸ್ಟ್ಯಾಟಿಕ್ ರೂಟ್ ಬರೆದಿದ್ದೀರಿ, ಒಳಜಾಲದ ರೂಟರ್‌ಗಳು ದಾರಿ ಹಂಚಿಕೊಳ್ಳುವ ಓಎಸ್‌ಪಿಎಫ್ ಪ್ರೋಟೋಕಾಲ್ ಮೂಲಕ 10.20.30.0/24 ಕಲಿತುಬಂದಿದೆ. ಸ್ಟ್ಯಾಟಿಕ್‌ಗೆ ಸಿಸ್ಕೊ ರೂಟರ್ ಕೊಡುವ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ 1, ಓಎಸ್‌ಪಿಎಫ್‌ಗೆ 110, ಕಡಿಮೆಯಿದ್ದಷ್ಟೂ ಹೆಚ್ಚು ನಂಬಿಕೆ. ಆದರೂ 10.20.30.5ಕ್ಕೆ ಹೋಗುವ ಪ್ಯಾಕೆಟ್ ಓಎಸ್‌ಪಿಎಫ್ ದಾರಿಯಲ್ಲೇ ಹೋಗುತ್ತದೆ. ನಂಬಿಕೆಯ ಅಂಕಿ ಕೆಲಸಕ್ಕೆ ಬರುವುದು ಪ್ರಿಫಿಕ್ಸ್ ಒಂದೇ ಆಗಿದ್ದಾಗ.

ಲಿನಕ್ಸ್ ಯಂತ್ರದಲ್ಲಿ ಯಾವ ಸಾಲು ಗೆಲ್ಲುತ್ತಿದೆ ಎಂದು ಊಹಿಸುವ ಅಗತ್ಯವಿಲ್ಲ. `ip route get 10.20.30.5` ಎಂದು ಕೇಳಿದರೆ ಕರ್ನಲ್ ತಾನು ಆರಿಸುವ ದಾರಿಯನ್ನೇ ತೋರಿಸುತ್ತದೆ. ದೊಡ್ಡ ರೂಟರ್‌ಗಳಲ್ಲಿ ಸೆಕೆಂಡಿಗೆ ಕೋಟಿಗಟ್ಟಲೆ ಪ್ಯಾಕೆಟ್‌ಗಳಿಗೆ ಈ ಹುಡುಕಾಟ ನಡೆಯಬೇಕು, ಸಾಲುಗಳನ್ನು ಒಂದೊಂದಾಗಿ ನೋಡುತ್ತ ಕೂರಲಾಗದು. ಟಿಕ್ಯಾಮ್ ಎಂಬ ವಿಶೇಷ ಮೆಮೊರಿ ಎಲ್ಲ ಸಾಲುಗಳನ್ನೂ ಒಂದೇ ಏಟಿಗೆ ಹೋಲಿಸಿ, ಹೊಂದಿದವುಗಳಲ್ಲಿ ಮೇಲಿನದನ್ನು ಕೊಡುತ್ತದೆ. ಉದ್ದದ ಪ್ರಿಫಿಕ್ಸ್‌ಗಳನ್ನು ಮೇಲೆ ಜೋಡಿಸಿಟ್ಟರೆ ಆಯಿತು. ಇದು ದುಬಾರಿ, ಕರೆಂಟೂ ಹೆಚ್ಚು ತಿನ್ನುತ್ತದೆ, ಹಾಗಾಗಿ ಟೇಬಲ್ ಬೆಳೆಯುವುದಕ್ಕೆ ನಿಜವಾದ ಬೆಲೆಯಿದೆ. ಈ ಬೆಲೆಯ ಮಾತು ಮುಂದೆ ಮತ್ತೆ ಬರುತ್ತದೆ.

ಈಗ ಆ ಭಾನುವಾರಕ್ಕೆ ಹೋಗೋಣ. ಪಾಕಿಸ್ತಾನದ ದೂರಸಂಪರ್ಕ ಪ್ರಾಧಿಕಾರ ದೇಶದೊಳಗೆ ಯೂಟ್ಯೂಬ್ ತಡೆಯಲು ಆದೇಶಿಸಿತ್ತು. ಪಾಕಿಸ್ತಾನ್ ಟೆಲಿಕಾಂ, ಅಂದರೆ ಎಎಸ್ 17557, ಇದಕ್ಕೆ ಹಿಡಿದ ಉಪಾಯ 208.65.153.0/24 ಅನ್ನು ತನ್ನದೆಂಬಂತೆ ತನ್ನ ಜಾಲದೊಳಗೆ ಸಾರಿ, ಬಂದ ಪ್ಯಾಕೆಟ್‌ಗಳನ್ನು ಎಸೆದುಬಿಡುವುದು. ಉಪಾಯ ಕೆಲಸ ಮಾಡುವುದು ಇದೇ ನಿಯಮದಿಂದ: ಹೊರಗಿನಿಂದ ಬಂದ /22 ಇದ್ದೇ ಇರುತ್ತದೆ, ಒಳಗಿನ /24 ಅದನ್ನು ಸೋಲಿಸುತ್ತದೆ. ಇಷ್ಟಕ್ಕೇ ನಿಂತಿದ್ದರೆ ತೊಂದರೆ ಪಾಕಿಸ್ತಾನದೊಳಗೇ ಉಳಿಯುತ್ತಿತ್ತು. ಆದರೆ 18:47ಕ್ಕೆ ಆ ಸಾಲು ಅವರಿಗೆ ಹೊರಸಂಪರ್ಕ ಕೊಡುತ್ತಿದ್ದ ಹಾಂಗ್‌ಕಾಂಗ್‌ನ ಪಿಸಿಸಿಡಬ್ಲ್ಯು, ಎಎಸ್ 3491ಕ್ಕೆ ಸೋರಿತು. ಗ್ರಾಹಕ ಕಳಿಸಿದ ಪ್ರಿಫಿಕ್ಸ್ ಅವನದೇ ಹೌದೋ ಎಂದು ನೋಡುವ ಫಿಲ್ಟರ್ ಅಲ್ಲಿ ಅದನ್ನು ತಡೆಯಲಿಲ್ಲ. ಪಿಸಿಸಿಡಬ್ಲ್ಯು ಅದನ್ನು ಜಗತ್ತಿಗೆಲ್ಲ ದಾಟಿಸಿತು.

ಅದು /24 ಆಗಿದ್ದದ್ದು ಇಲ್ಲಿ ನಿರ್ಣಾಯಕ. ತಡೆಯಬೇಕಾಗಿದ್ದ ಬಿಡಿ ವಿಳಾಸಗಳಿಗಷ್ಟೇ /32 ಸಾಲುಗಳನ್ನು ಬರೆದಿದ್ದರೆ, ಅವು ಸೋರಿದ್ದರೂ ಬಹುತೇಕ ಜಾಲಗಳು ಅವನ್ನು ಹೊಸಿಲಲ್ಲೇ ಬಿಟ್ಟುಬಿಡುತ್ತಿದ್ದವು. ಐಪಿವಿ4ರಲ್ಲಿ /24ಕ್ಕಿಂತ ಉದ್ದದ ಪ್ರಿಫಿಕ್ಸ್‌ಗಳನ್ನು ಇತರ ಜಾಲಗಳಿಂದ ಸ್ವೀಕರಿಸುವುದಿಲ್ಲ ಎಂಬುದು ಎಲ್ಲೆಡೆ ನಡೆದುಬಂದ ರೂಢಿ. ಟೇಬಲ್ ಮಿತಿಮೀರಿ ಬೆಳೆಯದಿರಲಿ ಎಂದು ಹಾಕಿಕೊಂಡ ಗೆರೆ ಅದು.

ಯೂಟ್ಯೂಬ್‌ನ ಎಂಜಿನಿಯರುಗಳು 20:07ಕ್ಕೆ ಮರುಏಟು ಕೊಟ್ಟರು. ತಮ್ಮ ಎಎಸ್ 36561ರಿಂದ ತಾವೂ 208.65.153.0/24 ಸಾರಿದರು. ಇದರ ಪರಿಣಾಮ ಅರ್ಧಂಬರ್ಧ. ಈಗ ಒಂದೇ ಪ್ರಿಫಿಕ್ಸ್‌ಗೆ ಎರಡು ಮೂಲಗಳಾದವು, ಉದ್ದದ ನಿಯಮ ಇಬ್ಬರನ್ನೂ ಬೇರ್ಪಡಿಸಲಾರದು. ತೀರ್ಮಾನ ಬಿಜಿಪಿಯ ತಕ್ಕಡಿಗೆ ಹೋಯಿತು. ಯೂಟ್ಯೂಬ್‌ಗೆ ಹತ್ತಿರವಿದ್ದ ಜಾಲಗಳು ಅತ್ತ, ಪಿಸಿಸಿಡಬ್ಲ್ಯುಗೆ ಹತ್ತಿರವಿದ್ದವು ಇತ್ತ ಹೋದವು.

ಹನ್ನೊಂದು ನಿಮಿಷದ ನಂತರ, 20:18ಕ್ಕೆ, ಅವರು ಇನ್ನೂ ಆಳಕ್ಕೆ ಇಳಿದು 208.65.153.0/25 ಮತ್ತು 208.65.153.128/25 ಸಾರಿದರು. ತತ್ವದ ಪ್ರಕಾರ ಇದು ಪೂರ್ಣ ಗೆಲುವು, ಏಕೆಂದರೆ 25 ಬಿಟ್ 24ನ್ನು ಎಲ್ಲಿಯೂ ಸೋಲಿಸುತ್ತದೆ. ಆದರೆ ಮೇಲೆ ಹೇಳಿದ /24ರ ಗೆರೆ ಈಗ ಯೂಟ್ಯೂಬ್‌ಗೇ ಅಡ್ಡ ಬಂತು. /25 ತಲುಪಿದ ರೂಟರ್‌ಗಳು ಸರಿಹೋದವು, ಅದನ್ನು ಫಿಲ್ಟರ್ ಮಾಡುವ ಜಾಲಗಳಿಗೆ ಅದು ಕಾಣಲೇ ಇಲ್ಲ. 20:51ಕ್ಕೆ ಪಾಕಿಸ್ತಾನ್ ಟೆಲಿಕಾಂನ ಸಾಲು ತನ್ನ ಎಎಸ್ ಸಂಖ್ಯೆ ಎರಡು ಬಾರಿ ಇರುವ ಉದ್ದದ ಪಾತ್‌ನೊಂದಿಗೆ ಕಾಣಿಸಿಕೊಂಡಿತು, ಅದರಿಂದ ಇನ್ನಷ್ಟು ಜಾಲಗಳು ಯೂಟ್ಯೂಬ್‌ನ /24 ಕಡೆ ವಾಲಿದವು. 21:01ಕ್ಕೆ ಪಿಸಿಸಿಡಬ್ಲ್ಯು ಎಎಸ್ 17557ರ ಸಾಲುಗಳನ್ನೇ ಹಿಂತೆಗೆದಾಗ ಎಲ್ಲ ಮುಗಿಯಿತು.

ಈ ಘಟನಾವಳಿಯಿಂದ ನನಗೆ ಕಾಣುವ ಮುಖ್ಯ ಸಂಗತಿ ಇದು: ದಾಳಿಗೂ ರಕ್ಷಣೆಗೂ ಅಸ್ತ್ರ ಒಂದೇ, ಮತ್ತು ಅದು /24ರಲ್ಲಿ ಮುಗಿದುಹೋಗುತ್ತದೆ. ಯಾರು ಮೊದಲು ಆ ಗೆರೆಗೆ ಇಳಿದರೋ ಅವರಿಗೆ ಅನುಕೂಲ. ಹಾಗಿದ್ದರೆ ಎಲ್ಲರೂ ಮೊದಲೇ ತಮ್ಮ ವಿಳಾಸಗಳನ್ನು /24 ತುಂಡುಗಳಾಗಿ ಸಾರಿಬಿಡಬಹುದಲ್ಲ? ಹಲವರು ಮಾಡುತ್ತಿರುವುದೂ ಅದನ್ನೇ. ಇಂದು ಜಾಗತಿಕ ಐಪಿವಿ4 ಟೇಬಲ್‌ನ ಸಾಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು /24ಗಳೇ. ಅವುಗಳಲ್ಲಿ ನಿಜವಾದ ಅಗತ್ಯದಿಂದ ಬಂದವೂ ಇವೆ, ಭಯದಿಂದ ಬಂದವೂ ಇವೆ. ಒಬ್ಬರ ರಕ್ಷಣೆಯ ಖರ್ಚನ್ನು ಜಗತ್ತಿನ ಪ್ರತಿ ದೊಡ್ಡ ರೂಟರ್ ತನ್ನ ಮೆಮೊರಿಯಲ್ಲಿ ತೆರುತ್ತದೆ. 2014ರ ಆಗಸ್ಟ್ 12ರಂದು ಟೇಬಲ್ 5,12,000 ಸಾಲುಗಳನ್ನು ದಾಟಿದಾಗ, ಅಷ್ಟಕ್ಕೇ ಟಿಕ್ಯಾಮ್ ಹೊಂದಿಸಿದ್ದ ಹಳೆಯ ರೂಟರ್‌ಗಳು ಎಡವಿ ಅಲ್ಲಲ್ಲಿ ಇಂಟರ್ನೆಟ್ ಕುಂಟಿತು.

ಸೋರಿಕೆ ಆಕಸ್ಮಿಕವಾಗಿಯೇ ಇರಬೇಕೆಂದಿಲ್ಲ. 2018ರ ಏಪ್ರಿಲ್ 24ರಂದು ಅಮೆಜಾನ್‌ನ ಡಿಎನ್‌ಎಸ್ ಸೇವೆಯ ಐದು /24ಗಳನ್ನು ಅಮೆರಿಕದ ಒಹಾಯೊದ ಒಂದು ಜಾಲದಿಂದ ಸಾರಲಾಯಿತು. ಅಮೆಜಾನ್ ಸಾರುತ್ತಿದ್ದದ್ದು /23. ಡಿಎನ್‌ಎಸ್ ಪ್ರಶ್ನೆಗಳು ಕಳ್ಳರ ಸರ್ವರ್ ತಲುಪಿದವು, ಅದು ಕೊಟ್ಟ ಸುಳ್ಳು ಉತ್ತರದಿಂದ ಮೈಈಥರ್‌ವಾಲೆಟ್ ಎಂಬ ಕ್ರಿಪ್ಟೋಕರೆನ್ಸಿ ತಾಣದ ಬಳಕೆದಾರರು ನಕಲಿ ತಾಣಕ್ಕೆ ಹೋಗಿ ಹಣ ಕಳೆದುಕೊಂಡರು. ಇಲ್ಲಿ ಗೆದ್ದದ್ದು ಒಂದೇ ಒಂದು ಬಿಟ್.

ಉದ್ದದ ನಿಯಮವನ್ನು ಬದಲಿಸುವ ಮಾತು ಯಾರೂ ಆಡುವುದಿಲ್ಲ, ಆಡಬಾರದು ಕೂಡ. ಅದು ಹೋದರೆ ಅಪವಾದಗಳೂ ಹೋಗುತ್ತವೆ. ಸರಿಯಾದ ಜಾಗ ಅದರ ಹಿಂದಿನ ಹೆಜ್ಜೆ: ಯಾವ ಸಾಲು ಟೇಬಲ್ ಸೇರಬೇಕು ಎಂಬುದು. ಆರ್‌ಪಿಕೆಐ ಎಂಬ ವ್ಯವಸ್ಥೆ ಮಾಡುವುದು ಇದನ್ನೇ. ವಿಳಾಸದ ಒಡೆಯರು ಆರ್‌ಒಎ ಎಂಬ ಸಹಿ ಹಾಕಿದ ದಾಖಲೆ ಇಡುತ್ತಾರೆ: ಈ ಪ್ರಿಫಿಕ್ಸ್ ಅನ್ನು ಈ ಎಎಸ್ ಸಾರಬಹುದು, ಗರಿಷ್ಠ ಇಷ್ಟು ಉದ್ದದವರೆಗೆ. ಅದಕ್ಕೆ ಹೊಂದದ ಸಾಲುಗಳನ್ನು ಉಳಿದ ಜಾಲಗಳು ಸ್ವೀಕರಿಸುವ ಮುನ್ನವೇ ಎಸೆಯಬಹುದು. 2024ರ ಹೊತ್ತಿಗೆ ಜಾಗತಿಕ ಐಪಿವಿ4 ಸಾಲುಗಳಲ್ಲಿ ಅರ್ಧಕ್ಕೂ ಹೆಚ್ಚು ಆರ್‌ಒಎ ರಕ್ಷಣೆಯೊಳಗೆ ಬಂದಿವೆ. 2008ರಲ್ಲಿ ಇದು ಇದ್ದಿದ್ದರೆ ಎಎಸ್ 17557ರ /24 ಅಮಾನ್ಯವೆಂದು ಗುರುತಾಗುತ್ತಿತ್ತು.

ಆದರೆ ಗರಿಷ್ಠ ಉದ್ದದ ಆ ಅಂಕಣ, `maxLength`, ಒಂದು ಬೋನು. ತುರ್ತಿಗೆ /24 ಸಾರಬೇಕಾದೀತು ಎಂದು ಎಷ್ಟೋ ಜನ /22ರ ಆರ್‌ಒಎಯಲ್ಲಿ 24 ಎಂದು ತುಂಬಿಬಿಡುತ್ತಾರೆ. ಆರ್‌ಒಎ ನೋಡುವುದು ಎಎಸ್ ಪಾತ್‌ನ ಕೊನೆಯ ಸಂಖ್ಯೆಯನ್ನು ಮಾತ್ರ. ಕಳ್ಳನೊಬ್ಬ ತನ್ನ ಸಂಖ್ಯೆಯ ಹಿಂದೆ ನಿಮ್ಮ ಸಂಖ್ಯೆಯನ್ನು ಸುಳ್ಳಾಗಿ ಸೇರಿಸಿ /24 ಸಾರಿದರೆ ಅದು "ಮಾನ್ಯ" ಎಂದೇ ತೋರುತ್ತದೆ, ನೀವು ಆ /24 ಸಾರುತ್ತಿಲ್ಲವಾದ್ದರಿಂದ ಎಲ್ಲೆಡೆ ಗೆಲ್ಲುತ್ತದೆ. `maxLength` 22 ಆಗಿದ್ದರೆ ಅವನು /22 ಮಾತ್ರ ಸಾರಬಲ್ಲ. ಅಲ್ಲಿ ಅವನ ಪಾತ್ ನಿಮ್ಮದಕ್ಕಿಂತ ಒಂದು ಹೆಜ್ಜೆ ಉದ್ದ, ಪೈಪೋಟಿಯಲ್ಲಿ ಅವನಿಗೆ ಸಿಗುವುದು ಒಂದು ಭಾಗ ಮಾತ್ರ. ನಿಜಕ್ಕೂ ಸಾರುತ್ತಿರುವ ಉದ್ದಗಳಿಗಷ್ಟೇ ಆರ್‌ಒಎ ಮಾಡಿ ಎಂದು 2022ರ ಆರ್‌ಎಫ್‌ಸಿ 9319 ಸಲಹೆ ಕೊಡುವುದು ಇದಕ್ಕೇ. ಇದರ ಬೆಲೆಯೆಂದರೆ ತುರ್ತಿನಲ್ಲಿ ಮೊದಲು ಹೊಸ ಆರ್‌ಒಎ ಮಾಡಬೇಕು, ಅದು ಎಲ್ಲರಿಗೂ ಹರಡುವವರೆಗೆ ಕಾಯಬೇಕು. ನನ್ನ ಮಟ್ಟಿಗೆ ಈ ಕಾಯುವಿಕೆ ಆ ತೆರೆದ ಬಾಗಿಲಿಗಿಂತ ಮೇಲು.

ಇನ್ನೊಂದು ಮಿತಿ ಇದಕ್ಕಿಂತ ಆಳದ್ದು, ಏಕೆಂದರೆ ಉದ್ದದ ಹೋಲಿಕೆ ದಾರಿಯ ಪ್ರತಿ ರೂಟರ್‌ನಲ್ಲೂ ಹೊಸದಾಗಿ ನಡೆಯುತ್ತದೆ. ನಿಮ್ಮ ಸೇವಾ ಕಂಪನಿ ಅಮಾನ್ಯ /24 ಅನ್ನು ಎಸೆದಿದೆ, ಅದರ ಬಳಿ /22 ಮಾತ್ರ ಇದೆ. ಅದು ಪ್ಯಾಕೆಟ್ಟನ್ನು /22ರ ದಾರಿಯಲ್ಲಿ ಮೇಲಿನ ಕಂಪನಿಗೆ ಕೊಡುತ್ತದೆ. ಮೇಲಿನ ಕಂಪನಿ ಪರಿಶೀಲನೆ ಮಾಡುವುದಿಲ್ಲ, ಅದರ ಟೇಬಲ್‌ನಲ್ಲಿ ಎರಡೂ ಸಾಲುಗಳಿವೆ. ಅದು ಮತ್ತೆ ಹೋಲಿಸಿ /24 ಹಿಡಿಯುತ್ತದೆ, ನಿಮ್ಮ ಪ್ಯಾಕೆಟ್ ಕಳ್ಳನ ಬಳಿಗೇ ಹೋಗುತ್ತದೆ. ನಿಮ್ಮ ಕಂಪನಿಯ ರೂಟರ್‌ನಲ್ಲಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಇದೇ ಕಾರಣಕ್ಕೆ ತಮ್ಮ ಪ್ರಿಫಿಕ್ಸ್ ಒಂದನ್ನೇ ಕಾಯುವ ನಿಗಾ ವ್ಯವಸ್ಥೆ ಇಂಥ ದಾಳಿಯನ್ನು ಹಿಡಿಯುವುದಿಲ್ಲ. ಆ ಭಾನುವಾರ 208.65.152.0/22ರ ಮೇಲೆ ಕಣ್ಣಿಟ್ಟವರಿಗೆ ಯಾವ ಬದಲಾವಣೆಯೂ ಕಾಣುತ್ತಿರಲಿಲ್ಲ. ಕೇಳಬೇಕಾದ ಪ್ರಶ್ನೆ "ನನ್ನ ಸಾಲಿನೊಳಗೆ ಬೇರೆ ಯಾವ ಸಾಲುಗಳಿವೆ?" ಎಂಬುದು. ಎಫ್‌ಆರ್‌ಆರ್ ಎಂಬ ರೂಟಿಂಗ್ ಸಾಫ್ಟ್‌ವೇರ್ ಚಲಾಯಿಸುವ ರೂಟರ್‌ನಲ್ಲಿ ಅದನ್ನು ಹೀಗೆ ಕೇಳಬಹುದು:

```
show bgp ipv4 unicast 208.65.152.0/22 longer-prefixes
```

ಈ ಆಜ್ಞೆ ತೋರಿಸುವುದು ನಿಮ್ಮ ರೂಟರ್‌ಗೆ ತಲುಪಿದ ಸಾಲುಗಳನ್ನು ಮಾತ್ರ. ಬೇರೆಯವರ ಟೇಬಲ್ ನೋಡಲು ರೈಪ್ ಎನ್‌ಸಿಸಿಯ ಆರ್‌ಐಎಸ್, ಒರೆಗಾನ್ ವಿಶ್ವವಿದ್ಯಾಲಯದ ರೂಟ್‌ವ್ಯೂಸ್ ಬೇಕು. ಜಗತ್ತಿನ ನೂರಾರು ಜಾಲಗಳು ತಮ್ಮ ಬಿಜಿಪಿ ಸಾಲುಗಳನ್ನು ಅಲ್ಲಿಗೆ ಕಳಿಸುತ್ತವೆ, ಯಾರು ಬೇಕಾದರೂ ನೋಡಬಹುದು. 18:47, 20:07, 20:18 ಎಂಬ ನಿಮಿಷದ ಲೆಕ್ಕ ಇವತ್ತು ನಮಗೆ ಸಿಗುವುದೂ ಆರ್‌ಐಎಸ್ ಅಂದು ದಾಖಲಿಸಿಟ್ಟುಕೊಂಡದ್ದರಿಂದಲೇ.